ಫೋಟೋದಲ್ಲಿರುವ ಪಾಶ್ಚಾತ್ಯ ಸ್ವರಲಿಪಿಯ ಪುಟ ಓದುವುದು ಹೇಗೆ? ಒಂದು ಮಿನುಯೆಟ್ ಮುಂದಿಟ್ಟುಕೊಂಡು

ಮಗುವಿನ ಕೀಬೋರ್ಡ್ ಪುಸ್ತಕದ ಒಂದು ಪುಟವನ್ನು ಮೊಬೈಲಿನಲ್ಲಿ ಫೋಟೋ ತೆಗೆದು, "ಇದರಲ್ಲಿ ಏನು ಬರೆದಿದೆ, ಸ್ವಲ್ಪ ಬಿಡಿಸಿ ಹೇಳಿ" ಎಂದು ಕೇಳುವವರು ತುಂಬಾ ಜನ. ಕೆಲವರಿಗೆ ಕರ್ನಾಟಕ ಸಂಗೀತ ಚೆನ್ನಾಗಿ ಗೊತ್ತಿರುತ್ತದೆ, ಐದು ಗೆರೆಯ ಲಿಪಿ ಮಾತ್ರ ಹೊಸದು. ಇನ್ನು ಕೆಲವರಿಗೆ ಎರಡೂ ಹೊಸದು. ಇಬ್ಬರೂ ಮಾಡುವ ತಪ್ಪು ಒಂದೇ. ಪುಟ ಕಂಡ ಕೂಡಲೇ ಮೊದಲ ಕಪ್ಪು ಚುಕ್ಕಿಯಿಂದ ಸ್ವರ ಎಣಿಸಲು ಶುರು ಮಾಡುತ್ತಾರೆ. ಆ ಚುಕ್ಕಿಗೆ ಅರ್ಥ ಕೊಡುವುದು ಅದರ ಎಡಗಡೆ ಇರುವ ಮೂರು ಗುರುತುಗಳು. ಮೊದಲು ಅವನ್ನು ಓದಬೇಕು.

ಉದಾಹರಣೆಗೆ ಒಂದೇ ಪುಟ ಇಟ್ಟುಕೊಳ್ಳೋಣ: ಜಿ ಮೇಜರಿನ ಮಿನುಯೆಟ್. ಮಿನುಯೆಟ್ ಎಂದರೆ ಮೂರೆಣಿಕೆಯ ಒಂದು ಹಳೆಯ ಯುರೋಪಿಯನ್ ನೃತ್ಯದ ಧಾಟಿಯ ರಚನೆ. ಕೀಬೋರ್ಡ್ ಕಲಿಯುವವರ ಪುಸ್ತಕಗಳಲ್ಲಿ ಇದು ಮತ್ತೆ ಮತ್ತೆ ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ ಮೇಲ್ಗಡೆ ಬಾಕ್ ಎಂದು ಹೆಸರಿರುತ್ತದೆ. ಯೋಹಾನ್ ಸೆಬಾಸ್ಟಿಯನ್ ಬಾಕ್ ತನ್ನ ಹೆಂಡತಿ ಆನಾ ಮಗ್ದಲೇನಾಳಿಗಾಗಿ 1725ರಲ್ಲಿ ಶುರು ಮಾಡಿದ ಕೈಬರಹದ ಪುಸ್ತಕದಲ್ಲಿ ಈ ರಚನೆ ಇದ್ದುದೇ ಅದಕ್ಕೆ ಕಾರಣ. ಆ ಪುಟದಲ್ಲಿ ರಚನಕಾರನ ಹೆಸರಿರಲಿಲ್ಲ. ಇದು ಡ್ರೆಸ್ಡೆನ್ನಿನ ಆರ್ಗನ್ ವಾದಕ ಕ್ರಿಸ್ಟಿಯಾನ್ ಪೆಟ್‌ಜೋಲ್ಡನದು ಎಂದು ತಿಳಿದದ್ದು 1970ರ ದಶಕದಲ್ಲಿ. ನಿಮ್ಮ ಪುಸ್ತಕದಲ್ಲಿ ಯಾವ ಹೆಸರಿದ್ದರೂ ಸ್ವರಗಳು ಅವೇ.

ನಿಮ್ಮ ಬಳಿ ಬೇಕಾದದ್ದು ಇಷ್ಟು: ಫೋಟೋ, ಒಂದು ಕೀಬೋರ್ಡ್ ಅಥವಾ ಹಾರ್ಮೋನಿಯಂ, ಪೆನ್ಸಿಲ್, ಆ ಪುಟದ ಮುದ್ರಿತ ಪ್ರತಿ. ಪರದೆಯ ಮೇಲೆ ನೋಡುತ್ತಾ ಓದುವುದಕ್ಕಿಂತ ಕಾಗದದ ಮೇಲೆ ಗುರುತು ಹಾಕುತ್ತಾ ಓದಿದರೆ ಅರ್ಧ ಗೊಂದಲ ಕಡಿಮೆಯಾಗುತ್ತದೆ. ಒಂದು ಪದದ ವಿಷಯ ಈಗಲೇ ಹೇಳಿಬಿಡುತ್ತೇನೆ. ವಾದ್ಯದಲ್ಲಿ ಬೆರಳಿನಿಂದ ಒತ್ತುವ ಪಟ್ಟಿಯನ್ನು ಇಲ್ಲಿ ಹಾರ್ಮೋನಿಯಂನವರಂತೆ ಮನೆ ಎಂದು ಕರೆಯುತ್ತೇನೆ. ಕೀ ಎಂಬ ಪದಕ್ಕೆ ಮುಂದೆ ಬೇರೆ ಕೆಲಸವಿದೆ.

1. ಮೊದಲು ಫೋಟೋ ಸರಿಯಿದೆಯೇ ನೋಡಿ

ಎಡಗಡೆಯ ಅಂಚು ಪೂರ್ತಿ ಬಂದಿರಬೇಕು. ಅಂಚು ಕತ್ತರಿಸಿಹೋದ ಫೋಟೋಗಳೇ ಹೆಚ್ಚು ಬರುತ್ತವೆ, ಮುಖ್ಯವಾದ ಗುರುತುಗಳೆಲ್ಲ ಅಲ್ಲೇ ಇರುತ್ತವೆ. ಪುಸ್ತಕದ ನಡುವಿನ ಹೊಲಿಗೆಯ ಹತ್ತಿರ ಕಾಗದ ಬಾಗಿದ್ದರೆ ಗೆರೆಗಳೂ ಬಾಗಿ, ಗೆರೆಯ ಮೇಲಿನ ಸ್ವರ ಗೆರೆಗಳ ನಡುವೆ ಇರುವಂತೆ ಕಾಣುತ್ತದೆ. ಪುಟವನ್ನು ಒತ್ತಿ ಹಿಡಿದು, ನೇರ ಮೇಲಿನಿಂದ, ಕಿಟಕಿಯ ಬೆಳಕಿನಲ್ಲಿ ತೆಗೆಯಿರಿ.

ಸ್ಕ್ಯಾನ್ ಆ್ಯಪ್‌ನಲ್ಲಿ ಬರೀ ಕಪ್ಪುಬಿಳುಪಿನ ಫಿಲ್ಟರ್ ಹಾಕಬೇಡಿ. ಅಕ್ಷರಗಳಿಗೆ ಅದು ಒಳ್ಳೆಯದು, ಆದರೆ ಸ್ವರಲಿಪಿಯ ತೆಳ್ಳನೆಯ ಗೆರೆ ಮತ್ತು ಸಣ್ಣ ಚುಕ್ಕಿಗಳನ್ನು ಅಳಿಸಿಹಾಕುತ್ತದೆ. ವಾಟ್ಸಾಪಿನಲ್ಲಿ ಯಾರಿಗಾದರೂ ಕಳಿಸುವುದಾದರೆ ಡಾಕ್ಯುಮೆಂಟ್ ಆಗಿ ಕಳಿಸಿ. ಚಿತ್ರವಾಗಿ ಕಳಿಸಿದರೆ ಅದು ಕುಗ್ಗಿ, ಇಂಥ ಚುಕ್ಕಿಗಳು ಮಸುಕಾಗುವ ಸಂಭವವಿದೆ. ಒಂದು ಚುಕ್ಕಿ ಹೋದರೆ ಎಷ್ಟು ನಷ್ಟ ಎಂಬುದು ನಾಲ್ಕನೇ ಹಂತದಲ್ಲಿ ಗೊತ್ತಾಗುತ್ತದೆ.

2. ಗೆರೆಗಳಿಗೆ ಹೆಸರು ಕೊಡುವ ಗುರುತು: ಕ್ಲೆಫ್

ಐದು ಅಡ್ಡಗೆರೆಗಳ ಗುಂಪಿಗೆ ಸ್ಟಾಫ್ ಎನ್ನುತ್ತಾರೆ. ನಮ್ಮ ಪುಟದಲ್ಲಿ ಎರಡೆರಡು ಸ್ಟಾಫ್‌ಗಳನ್ನು ಎಡಗಡೆ ಒಂದು ಬಳ್ಳಿಯಂಥ ಆವರಣ ಚಿಹ್ನೆ ಜೋಡಿಸಿದೆ. ಮೇಲಿನದು ಬಲಗೈಗೆ, ಕೆಳಗಿನದು ಎಡಗೈಗೆ. ಎರಡನ್ನೂ ಒಟ್ಟಿಗೆ ನುಡಿಸಬೇಕು. ಮೇಲಿನ ಸಾಲು ಮುಗಿಸಿ ಆಮೇಲೆ ಕೆಳಗಿನದಕ್ಕೆ ಬರುವುದಲ್ಲ.

ಮೇಲಿನ ಸ್ಟಾಫಿನ ಸುರುಳಿ ಗುರುತು ಟ್ರೆಬಲ್ ಕ್ಲೆಫ್. ಅದರ ಹೊಟ್ಟೆ ಕೆಳಗಿನಿಂದ ಎರಡನೇ ಗೆರೆಯನ್ನು ಸುತ್ತಿಕೊಂಡಿದೆ, ಆ ಗೆರೆ ಜಿ. ಕೆಳಗಿನ ಸ್ಟಾಫಿನ ಕಿವಿಯಂಥ ಗುರುತು ಬೇಸ್ ಕ್ಲೆಫ್. ಅದರ ಪಕ್ಕ ಎರಡು ಚುಕ್ಕಿಗಳಿವೆ, ಅವುಗಳ ನಡುವೆ ಹಾದುಹೋಗುವ ಗೆರೆ ಎಫ್. ಈ ಎರಡು ಗೆರೆಗಳಿಂದ ಮೇಲಕ್ಕೂ ಕೆಳಕ್ಕೂ ಗೆರೆ, ಸಂದು, ಗೆರೆ, ಸಂದು ಎಂದು ಎಣಿಸುತ್ತಾ ಹೋದರೆ ಉಳಿದ ಹೆಸರುಗಳೆಲ್ಲ ಸಿಗುತ್ತವೆ. ಎ, ಬಿ, ಸಿ, ಡಿ, ಇ, ಎಫ್, ಜಿ, ಮತ್ತೆ ಎ. ಎರಡು ಸ್ಟಾಫ್‌ಗಳಲ್ಲಿ ಒಂದೇ ಎತ್ತರದ ಗೆರೆಗೆ ಒಂದೇ ಹೆಸರಿಲ್ಲ ಎಂಬುದನ್ನು ನೆನಪಿಡಿ.

ಕರ್ನಾಟಕ ಸಂಗೀತದಿಂದ ಬಂದವರಿಗೆ ಇನ್ನೊಂದು ಮಾತು. ಸರಿಗಮ ನಿಮ್ಮ ಶ್ರುತಿಯ ಜೊತೆ ಜಾಗ ಬದಲಿಸುತ್ತದೆ, ಈ ಅಕ್ಷರಗಳು ಬದಲಿಸುವುದಿಲ್ಲ. ಜಿ ಎಂದರೆ ವಾದ್ಯದಲ್ಲಿ ಯಾವಾಗಲೂ ಅದೇ ಮನೆ. ಕರಿ ಮನೆಗಳು ಎರಡು ಮತ್ತು ಮೂರರ ಗುಂಪುಗಳಾಗಿ ಇರುತ್ತವಲ್ಲ, ಮೂರರ ಗುಂಪಿನ ಮೊದಲನೆಯ ಮತ್ತು ಎರಡನೆಯ ಕರಿ ಮನೆಗಳ ನಡುವಿನ ಬಿಳಿ ಮನೆಯೇ ಜಿ.

3. ಕೀ ಸಿಗ್ನೇಚರ್: ಇಡೀ ಪುಟಕ್ಕೆ ಹಾಕಿದ ಕರಾರು

ಕ್ಲೆಫ್‌ನ ಬಲಕ್ಕೆ ನೋಡಿ. ಎರಡು ನಿಂತ ಗೀಟು, ಎರಡು ಅಡ್ಡ ಗೀಟು ಸೇರಿದ ಒಂದು ಜಾಲರಿ ಗುರುತಿದೆ. ಅದು ಶಾರ್ಪ್. ಒಂದು ಸ್ವರವನ್ನು ಬಲಕ್ಕಿರುವ ತೀರ ಪಕ್ಕದ ಮನೆಗೆ ಏರಿಸು ಎಂದು ಅರ್ಥ. ಅದು ಕೂತಿರುವುದು ಮೇಲಿನ ಸ್ಟಾಫಿನ ತುತ್ತತುದಿಯ ಗೆರೆಯ ಮೇಲೆ, ಆ ಗೆರೆ ಎಫ್. ಕೆಳಗಿನ ಸ್ಟಾಫಿನಲ್ಲಿ ಆಗ ಹೇಳಿದ ಎರಡು ಚುಕ್ಕಿಗಳ ನಡುವಿನ ಗೆರೆಯ ಮೇಲೆ ಕೂತಿದೆ, ಅದೂ ಎಫ್. ಎರಡೂ ಕಡೆ ಹೇಳುತ್ತಿರುವುದು ಒಂದೇ ಮಾತು: ಈ ರಚನೆಯಲ್ಲಿ ಎಫ್ ಬಂದಲ್ಲೆಲ್ಲ ಬಿಳಿ ಮನೆ ಬಿಟ್ಟು ಅದರ ಬಲಗಡೆಯ ಕರಿ ಮನೆ ಒತ್ತಿ.

ಹೀಗೆ ಸಾಲಿನ ಶುರುವಿನಲ್ಲಿ ಕೂತ ಶಾರ್ಪ್ ಅಥವಾ ಫ್ಲಾಟ್‌ಗಳ ಗುಂಪಿಗೆ ಕೀ ಸಿಗ್ನೇಚರ್ ಎಂದು ಹೆಸರು. ಫ್ಲಾಟ್ ಎಂದರೆ ಇಳಿಸುವ ಗುರುತು, ಇಂಗ್ಲಿಷಿನ ಸಣ್ಣ ಬಿ ಅಕ್ಷರದ ಹಾಗೆ ಕಾಣುತ್ತದೆ. ಕೀ ಸಿಗ್ನೇಚರ್ ಪ್ರತಿ ಸಾಲಿನಲ್ಲೂ ಮತ್ತೆ ಅಚ್ಚಾಗಿರುತ್ತದೆ, ಆದ್ದರಿಂದ ಮೊದಲ ಸಾಲು ಮಸುಕಾಗಿದ್ದರೆ ಎರಡನೆಯದರಲ್ಲಿ ನೋಡಿಕೊಳ್ಳಬಹುದು.

ಈಗ ಎಲ್ಲರೂ ಎಡವುವ ಜಾಗ. ಶಾರ್ಪ್ ತುದಿಯ ಗೆರೆಯ ಮೇಲೆ ಕೂತಿದೆ, ಹಾಗಾಗಿ ಆ ಗೆರೆಯ ಸ್ವರಕ್ಕೆ ಮಾತ್ರ ಅದು ಅನ್ವಯ ಎಂದುಕೊಳ್ಳುತ್ತಾರೆ. ಹಾಗಲ್ಲ, ಎಲ್ಲ ಸ್ಥಾಯಿಯ ಎಫ್‌ಗೂ ಅನ್ವಯ. ನಮ್ಮ ಮಿನುಯೆಟ್‌ನಲ್ಲಿ ಇದನ್ನು ಪರೀಕ್ಷಿಸಲು ಎರಡು ಜಾಗ ಇವೆ. ನಿಂತ ಗೀಟುಗಳ ನಡುವಿನ ಭಾಗಕ್ಕೆ ಬಾರ್ ಎನ್ನುತ್ತಾರೆ, ನಮ್ಮ ಆವರ್ತದಂತೆ. ಬಲಗೈಯ ಮೂರನೇ ಬಾರಿನ ಕೊನೆಯ ಸ್ವರ ತುದಿಯ ಗೆರೆಯ ಎಫ್, ಇದನ್ನು ಎಲ್ಲರೂ ಸರಿಯಾಗಿ ಕರಿ ಮನೆಯಲ್ಲಿ ನುಡಿಸುತ್ತಾರೆ. ಏಳನೇ ಬಾರಿನ ಮೊದಲ ಸ್ವರವೂ ಎಫ್, ಆದರೆ ಕೆಳಗಿನ ಸ್ಥಾಯಿಯದು, ತೀರ ಕೆಳಗಿನ ಸಂದಿನಲ್ಲಿದೆ. ಅದರ ಹತ್ತಿರ ಯಾವ ಗುರುತೂ ಇಲ್ಲ. ಅಲ್ಲಿ ಬಿಳಿ ಮನೆ ಒತ್ತುವವರೇ ಹೆಚ್ಚು. ಪೆನ್ಸಿಲ್ ತೆಗೆದುಕೊಂಡು ಪುಟದ ಎಲ್ಲ ಎಫ್‌ಗಳಿಗೂ ಈಗಲೇ ಒಂದು ಸುತ್ತು ಹಾಕಿ.

ಕರ್ನಾಟಕ ಸಂಗೀತ ಗೊತ್ತಿದ್ದವರಿಗೆ ಈ ಶಾರ್ಪಿನ ಕೆಲಸ ಕಿವಿಯಲ್ಲೇ ತಿಳಿಯುತ್ತದೆ. ಜಿಯನ್ನು ಷಡ್ಜ ಮಾಡಿಕೊಳ್ಳಿ, ಅಂದರೆ ಐದು ಮನೆ ಶ್ರುತಿ. ಮೊದಲ ನಾಲ್ಕು ಬಾರುಗಳ ಬಲಗೈ ಹೀಗಾಗುತ್ತದೆ:

ಪ ಸರಿಗಮ | ಪ ಸ ಸ | ದ ಮಪದನಿ | ಸ ಸ ಸ

ಕೊನೆಯ ಬಾರಿನ ಮೊದಲ ಸ ಮಾತ್ರ ತಾರಸ್ಥಾಯಿಯದು. ಈ ನಿ ಕಾಕಲಿ ನಿಷಾದ, ಅದನ್ನು ಕೊಟ್ಟದ್ದೇ ಆ ಶಾರ್ಪ್. ಸ್ವರಸ್ಥಾನಗಳ ಮಟ್ಟಿಗೆ ಇದು ಧೀರಶಂಕರಾಭರಣ. ಶಾರ್ಪ್ ಮರೆತು ಬಿಳಿ ಮನೆ ಒತ್ತಿದರೆ ಕೈಶಿಕಿ ನಿಷಾದ ಬಂದು ಹರಿಕಾಂಭೋಜಿಯ ಸ್ವರಗಳಾಗಿಬಿಡುತ್ತವೆ. ಮೂರನೇ ಬಾರಿನಿಂದ ನಾಲ್ಕಕ್ಕೆ ಹೋಗುವಾಗ ನಿ ಷಡ್ಜದ ಕಡೆ ಎಳೆಯದೆ ಸಡಿಲವಾಗಿ ಕೇಳಿಸಿದರೆ ತಪ್ಪಾಗಿದೆ ಎಂದು ತಿಳಿಯಿರಿ. ಗಮಕ, ಜೀವಸ್ವರ ಎಲ್ಲ ಬೇರೆಯೇ ಆದ್ದರಿಂದ ಇದನ್ನು ರಾಗ ಎನ್ನಲಾಗದು. ಹೋಲಿಕೆ ಇರುವುದು ಸ್ವರಸ್ಥಾನದಲ್ಲಿ ಮಾತ್ರ.

ಷಡ್ಜ ಜಿ ಎಂದು ಗೊತ್ತಾದದ್ದು ಹೇಗೆ? ಒಂದು ಅಡ್ಡದಾರಿ ಇದೆ. ಕೀ ಸಿಗ್ನೇಚರಿನಲ್ಲಿ ತೀರ ಬಲಗಡೆ ಇರುವ ಶಾರ್ಪನ್ನು ನಿ ಎಂದುಕೊಂಡರೆ, ಅದರ ಪಕ್ಕದ ಮೇಲಿನ ಮನೆ ಸ. ಇಲ್ಲಿ ಎಫ್ ಶಾರ್ಪ್ ನಿ, ಅದರ ಮೇಲಿನದು ಜಿ. ಆದರೆ ಇದು ಅರ್ಧ ಉತ್ತರ. ಒಂದು ಶಾರ್ಪ್ ಇರುವ ಪುಟ ಜಿ ಮೇಜರ್ ಆಗಿರಬಹುದು, ಇ ಮೈನರ್ ಕೂಡ ಆಗಿರಬಹುದು. ಮೇಜರ್ ಎಂದರೆ ಅಂತರ ಗಾಂಧಾರದ ಸಾಲು, ಮೈನರ್ ಎಂದರೆ ಸಾಧಾರಣ ಗಾಂಧಾರದ ಸಾಲು. ಖಚಿತ ಮಾಡಿಕೊಳ್ಳಲು ಕೊನೆಯ ಬಾರ್ ನೋಡಿ. ನಮ್ಮ ಪುಟದ ಕೊನೆಯಲ್ಲಿ ಬಲಗೈ ಜಿ ಮೇಲೆ ಮೂರು ಎಣಿಕೆ ನಿಂತಿದೆ, ಎಡಗೈಯೂ ಜಿಗೇ ಬಂದು ಮುಗಿದಿದೆ. ಆದ್ದರಿಂದ ಜಿ ಮೇಜರ್.

ಇನ್ನು ಕರಾರು ಮುರಿಯುವ ಜಾಗ. ಈ ಮಿನುಯೆಟ್ ಹದಿನಾರು ಬಾರುಗಳ ಎರಡು ಭಾಗಗಳಾಗಿದೆ. ಎರಡನೇ ಭಾಗಕ್ಕೆ ಬಂದು, ಇಪ್ಪತ್ತನೇ ಬಾರಿನ ಬಲಗೈ ನೋಡಿ. ಮೊದಲ ಸ್ವರ ಸಿ, ಅದರ ಎಡಕ್ಕೆ ಒಂಟಿ ಶಾರ್ಪ್ ಇದೆ. ಸಾಲಿನ ನಡುವೆ ಹೀಗೆ ಸ್ವರಕ್ಕೆ ಅಂಟಿ ಬರುವ ಗುರುತಿಗೆ ಆ್ಯಕ್ಸಿಡೆಂಟಲ್ ಎನ್ನುತ್ತಾರೆ. ಕೀ ಸಿಗ್ನೇಚರಿನಂತೆ ಇದು ಪುಟವಿಡೀ ನಡೆಯುವುದಿಲ್ಲ. ಅದೇ ಬಾರಿನಲ್ಲಿ, ಅದೇ ಸ್ಥಾಯಿಯ ಅದೇ ಸ್ವರಕ್ಕೆ, ಬಾರ್ ಮುಗಿಯುವವರೆಗೆ ಮಾತ್ರ. ಇಪ್ಪತ್ತನೇ ಬಾರಿನ ಸ್ವರಗಳು ಸಿ, ಬಿ, ಸಿ, ಎ. ಎರಡನೇ ಸಿ ಹತ್ತಿರ ಗುರುತು ಅಚ್ಚಾಗಿಲ್ಲ, ಆದರೂ ಅದು ಸಿ ಶಾರ್ಪ್. ಮುಂದಿನ ಬಾರಿನಲ್ಲಿ ಸಿ ಬಂದಾಗ ಶಾರ್ಪನ್ನು ಹೊಸದಾಗಿ ಅಚ್ಚು ಮಾಡಿದ್ದಾರೆ, ಏಕೆಂದರೆ ಬಾರಿನ ಗೀಟು ದಾಟಿದ ಕೂಡಲೇ ಹಿಂದಿನದು ರದ್ದಾಯಿತು. ಇಪ್ಪತ್ತಮೂರರಲ್ಲೂ ಹಾಗೆಯೇ. ಇಪ್ಪತ್ತೇಳನೇ ಬಾರಿಗೆ ಬಂದರೆ ಡಿ, ಸಿ, ಬಿ ಇವೆ. ಅಲ್ಲಿ ಸಿ ಹತ್ತಿರ ಶಾರ್ಪ್ ಇಲ್ಲ, ಆದ್ದರಿಂದ ಅದು ಮತ್ತೆ ಬಿಳಿ ಮನೆಯ ಸಿ.

ಆ ಸಿ ಶಾರ್ಪ್ ಯಾಕೆ ಬಂತು? ಜಿಯನ್ನೇ ಷಡ್ಜ ಎಂದು ಹಿಡಿದರೆ ಅದು ಪ್ರತಿಮಧ್ಯಮ, ಕಲ್ಯಾಣಿಯ ಸ್ವರ ನುಸುಳಿದಂತೆ ಅನ್ನಿಸುತ್ತದೆ. ನಿಜವಾಗಿ ಆಗುತ್ತಿರುವುದು ಬೇರೆ. ಸಂಗೀತ ಸ್ವಲ್ಪ ಹೊತ್ತು ಷಡ್ಜವನ್ನೇ ಡಿಗೆ ಸಾಗಿಸಿದೆ. ಡಿಯನ್ನು ಸ ಮಾಡಿಕೊಂಡು ಇಪ್ಪತ್ತರಿಂದ ಇಪ್ಪತ್ತನಾಲ್ಕನೇ ಬಾರಿನವರೆಗೆ ಹಾಡಿ:

ನಿ ದನಿ ಪ | ಪದನಿಸರಿಗ | ಮ ಗ ರಿ | ಗ ಪ ನಿ | ಸ

ಸಿ ಶಾರ್ಪ್ ಈಗ ನಿ ಆಯಿತು, ಇಪ್ಪತ್ತನಾಲ್ಕರಲ್ಲಿ ಹೊಸ ಸ ಮೇಲೆ ವಿಶ್ರಾಂತಿ ಸಿಕ್ಕಿತು. ಆಮೇಲೆ ಸಿ ಬಿಳಿ ಮನೆಗೆ ಮರಳುತ್ತದೆ, ಷಡ್ಜವೂ ಜಿಗೆ ಮರಳುತ್ತದೆ. ನಮ್ಮ ಕಚೇರಿಯಲ್ಲಿ ತಂಬೂರಿ ಒಂದೇ ಷಡ್ಜ ಹಿಡಿದಿರುವಾಗ ಹೀಗೆ ಮಾಡುವುದು ಗ್ರಹಭೇದದಂಥ ವಿಶೇಷ ಸಂದರ್ಭದಲ್ಲಿ ಮಾತ್ರ. ಇಲ್ಲಿ ತಂಬೂರಿ ಇಲ್ಲದ್ದರಿಂದ ಷಡ್ಜಕ್ಕೆ ಮನೆ ಬಿಟ್ಟು ತಿರುಗಾಡುವ ಅನುಕೂಲವಿದೆ. ಪುಟದಲ್ಲಿ ಒಂದೇ ಆ್ಯಕ್ಸಿಡೆಂಟಲ್ ಮೇಲಿಂದ ಮೇಲೆ ಕಂಡರೆ ಇಂಥದ್ದೇನೋ ನಡೆಯುತ್ತಿದೆ ಎಂದು ಊಹಿಸಬಹುದು.

ಮಸುಕು ಫೋಟೋದಲ್ಲಿ ಶಾರ್ಪ್ ಮತ್ತು ನ್ಯಾಚುರಲ್ ಒಂದೇ ಥರ ಕಾಣುತ್ತವೆ. ನ್ಯಾಚುರಲ್ ಎಂದರೆ ಶಾರ್ಪ್ ಅಥವಾ ಫ್ಲಾಟನ್ನು ರದ್ದುಮಾಡಿ ಬಿಳಿ ಮನೆಗೆ ಮರಳಿಸುವ ಗುರುತು. ಶಾರ್ಪಿಗೆ ನಾಲ್ಕೂ ಕಡೆ ಕೈಕಾಲು ಚಾಚಿರುತ್ತವೆ. ನ್ಯಾಚುರಲ್‌ಗೆ ಎಡಗಡೆ ಮೇಲಕ್ಕೊಂದು, ಬಲಗಡೆ ಕೆಳಕ್ಕೊಂದು ಮಾತ್ರ. ಕಣ್ಣಿಗೆ ತಿಳಿಯದಿದ್ದರೆ ತರ್ಕ ಹಚ್ಚಿ. ಕೀ ಸಿಗ್ನೇಚರಿನಲ್ಲಿ ಇಲ್ಲದ, ಹಿಂದಿನ ಬಾರುಗಳಲ್ಲೂ ಏರಿಳಿಯದ ಸ್ವರಕ್ಕೆ ನ್ಯಾಚುರಲ್ ಹಾಕಿ ರದ್ದು ಮಾಡುವುದಕ್ಕೆ ಏನೂ ಇಲ್ಲ. ಇಪ್ಪತ್ತನೇ ಬಾರಿನ ಸಿ ಹತ್ತಿರ ಇರುವುದು ಶಾರ್ಪೇ ಇರಬೇಕು ಎಂದು ಹೀಗೆ ಹೇಳಬಹುದು.

4. ಟೈಮ್ ಸಿಗ್ನೇಚರ್, ಮತ್ತು ಪುಟವನ್ನು ತಾಳೆ ನೋಡುವ ಲೆಕ್ಕ

ಕೀ ಸಿಗ್ನೇಚರಿನ ಬಲಕ್ಕೆ ಒಂದರ ಮೇಲೊಂದು ಎರಡು ಅಂಕಿ ಇವೆ: ಮೇಲೆ 3, ಕೆಳಗೆ 4. ಇದು ಮುಕ್ಕಾಲು ಎಂಬ ಭಿನ್ನರಾಶಿ ಅಲ್ಲ. ಮೇಲಿನ ಅಂಕಿ ಒಂದು ಬಾರಿನಲ್ಲಿ ಎಷ್ಟು ಎಣಿಕೆ ಎಂದು ಹೇಳುತ್ತದೆ. ಕೆಳಗಿನ ಅಂಕಿ ಯಾವ ಜಾತಿಯ ಸ್ವರವನ್ನು ಒಂದು ಎಣಿಕೆ ಎಂದು ಹಿಡಿಯಬೇಕು ಎಂದು ಹೇಳುತ್ತದೆ. ಕೆಳಗೆ 4 ಇದ್ದರೆ ಆ ಸ್ವರ ಕ್ರಾಚೆಟ್, ಅಂದರೆ ತುಂಬಿದ ಕಪ್ಪು ತಲೆ, ಒಂದು ಬರಿಯ ಕಡ್ಡಿ. ಎರಡು ಪೆಟ್ಟು, ಒಂದು ಹುಸಿ ಹಾಕುವ ಕಚೇರಿಯ ರೂಪಕತಾಳದ ಕೈ ಇಲ್ಲಿಗೆ ಹೊಂದುತ್ತದೆ. ಒಂದು ಬಾರ್ ಎಂದರೆ ಒಂದು ಆವರ್ತ.

ಈ ಪುಟ ಓದಲು ನಾಲ್ಕು ಬಗೆಯ ಸ್ವರ ಸಾಕು. ಕ್ರಾಚೆಟ್ ಒಂದು ಎಣಿಕೆ. ಕಡ್ಡಿಗಳ ತುದಿಯನ್ನು ದಪ್ಪ ಪಟ್ಟಿಯಿಂದ ಜೋಡಿಸಿದ್ದರೆ ಅವು ಕ್ವೇವರ್, ಪ್ರತಿಯೊಂದೂ ಅರ್ಧ ಎಣಿಕೆ. ಟೊಳ್ಳು ತಲೆಗೆ ಕಡ್ಡಿ ಇದ್ದರೆ ಮಿನಿಮ್, ಎರಡು ಎಣಿಕೆ. ಮಿನಿಮ್‌ನ ಬಲಕ್ಕೆ ಚುಕ್ಕಿ ಇದ್ದರೆ ಅದರ ಅರ್ಧ ಸೇರಿ ಮೂರು ಎಣಿಕೆ.

ಈಗ ಮೊದಲ ಬಾರಿನ ಬಲಗೈಯ ಲೆಕ್ಕ ಹಾಕಿ. ಡಿ ಒಂದು ಕ್ರಾಚೆಟ್, ಒಂದು ಎಣಿಕೆ. ಆಮೇಲೆ ಜಿ, ಎ, ಬಿ, ಸಿ ನಾಲ್ಕು ಕ್ವೇವರ್, ಎರಡು ಎಣಿಕೆ. ಒಟ್ಟು ಮೂರು. ಎರಡನೇ ಬಾರಿನಲ್ಲಿ ಮೂರು ಕ್ರಾಚೆಟ್, ಮೂರು. ಅದೇ ಎರಡನೇ ಬಾರಿನ ಎಡಗೈಯಲ್ಲಿ ಬಿ ಒಂದೇ ಇದೆ, ಚುಕ್ಕಿ ಇಟ್ಟ ಮಿನಿಮ್, ಮೂರು. ಫೋಟೋದಲ್ಲಿ ಆ ಚುಕ್ಕಿ ಅಳಿಸಿಹೋಗಿದ್ದರೆ ನಿಮ್ಮ ಲೆಕ್ಕ ಎರಡಕ್ಕೇ ನಿಲ್ಲುತ್ತದೆ. ಆಗ ಏನೋ ಕಾಣೆಯಾಗಿದೆ ಎಂದು ಪುಟವೇ ಹೇಳಿದ ಹಾಗೆ. ಪ್ರತಿ ಬಾರಿನಲ್ಲೂ ಎರಡು ಕೈಗಳ ಮೊತ್ತ ಬೇರೆಬೇರೆಯಾಗಿ ಮೂರು ಬರಲೇಬೇಕು. ಬರದಿದ್ದರೆ ನುಡಿಸಲು ಹೋಗದೆ ಮೂಲ ಪುಸ್ತಕ ತೆಗೆದು ನೋಡಿ. ಬೇರೆ ಕೆಲವು ರಚನೆಗಳಲ್ಲಿ ಮೊದಲ ಬಾರ್ ಬೇಕೆಂದೇ ಅರೆಯಾಗಿರುತ್ತದೆ. ಈ ಮಿನುಯೆಟ್‌ನಲ್ಲಿ ಆ ತೊಡಕಿಲ್ಲ.

ಚುಕ್ಕಿಯ ಬಗ್ಗೆ ಇನ್ನೂ ಒಂದು ಎಚ್ಚರಿಕೆ. ಸ್ವರದ ಬಲಕ್ಕಿರುವ ಚುಕ್ಕಿ ಅದನ್ನು ಉದ್ದ ಮಾಡುತ್ತದೆ. ಸ್ವರದ ನೆತ್ತಿಯ ಮೇಲೋ ಕೆಳಗೋ ಇರುವ ಚುಕ್ಕಿ ಸ್ಟಕಾಟೊ, ಅದು ಸ್ವರವನ್ನು ತುಂಡರಿಸಿ ಚಿಕ್ಕದಾಗಿ ನುಡಿಸಲು ಹೇಳುತ್ತದೆ. ಎರಡನೇ ಬಾರಿನ ಎರಡು ಜಿಗಳಿಗೆ ಕೆಲವು ಪುಸ್ತಕಗಳಲ್ಲಿ ಈ ಚುಕ್ಕಿ ಇರುತ್ತದೆ. ಸ್ಟಕಾಟೊ ಚುಕ್ಕಿಯಿಂದ ಎಣಿಕೆ ಬದಲಾಗುವುದಿಲ್ಲ, ಉಳಿದ ಹೊತ್ತು ಮೌನ. ದಪ್ಪ ಗೀಟಿನ ಪಕ್ಕ ಸಂದುಗಳಲ್ಲಿ ಎರಡು ಚುಕ್ಕಿ ಇದ್ದರೆ ಅದು ಮೂರನೆಯ ಬಗೆ, ಆ ಭಾಗವನ್ನು ಮತ್ತೊಮ್ಮೆ ನುಡಿಸಿ ಎಂದು.

ಕೀ ಸಿಗ್ನೇಚರಿನಂತೆ ಟೈಮ್ ಸಿಗ್ನೇಚರ್ ಪ್ರತಿ ಸಾಲಿನಲ್ಲಿ ಬರುವುದಿಲ್ಲ, ರಚನೆಯ ಶುರುವಿನಲ್ಲಿ ಒಂದೇ ಸಲ. ಎರಡನೇ ಪುಟದ ಫೋಟೋ ಮಾತ್ರ ಇದ್ದರೆ ಅಂಕಿ ಸಿಗುವುದಿಲ್ಲ, ಒಂದು ಬಾರಿನ ಮೊತ್ತ ಹಾಕಿ ಕಂಡುಕೊಳ್ಳಬೇಕು. ಅಲ್ಲೂ ಒಂದು ಬಲೆ ಇದೆ. ಇಪ್ಪತ್ತೊಂದನೇ ಬಾರಿನಲ್ಲಿ ಆರು ಕ್ವೇವರ್ ಇವೆ. ಆರು ಕ್ವೇವರ್ ತುಂಬುವ ಇನ್ನೊಂದು ಅಳತೆಯೂ ಇದೆ, ಮೇಲೆ 6, ಕೆಳಗೆ 8. ಮೊತ್ತ ಒಂದೇ ಆದರೂ ನಡೆ ಬೇರೆ. ಮೊದಲನೆಯದು ಎರಡೆರಡರ ಮೂರು ಗುಂಪು, ಎರಡನೆಯದು ಮೂರುಮೂರರ ಎರಡು ಗುಂಪು. ಉಳಿದ ಬಾರುಗಳನ್ನು ನೋಡಿ ನಿರ್ಧರಿಸಿ. ಮೂರು ಕ್ರಾಚೆಟ್‌ಗಳು ಸಾಲಾಗಿ ಬಂದ ಬಾರುಗಳು ಪುಟದ ತುಂಬ ಇದ್ದರೆ ಅದು ಮೂರರ ಅಳತೆಯೇ.

ಎಷ್ಟು ವೇಗ ಎಂದು ಈ ಅಂಕಿಗಳು ಹೇಳುವುದಿಲ್ಲ. ಅದಕ್ಕೆ ಮೇಲ್ಗಡೆ ಎಡಮೂಲೆಯಲ್ಲಿ ಇಟಾಲಿಯನ್ ಪದವೋ, ಕ್ರಾಚೆಟ್ ಚಿತ್ರದ ಮುಂದೆ ಒಂದು ಸಂಖ್ಯೆಯೋ ಇರುತ್ತದೆ. ಆ ಸಂಖ್ಯೆ ನಿಮಿಷಕ್ಕೆ ಎಷ್ಟು ಎಣಿಕೆ ಎಂಬುದು. ಹೊಸಬರು ಅದರ ಅರ್ಧ ವೇಗದಲ್ಲಿ ಶುರು ಮಾಡಿದರೆ ಸಾಕು.

5. ಡೈನಾಮಿಕ್ಸ್: ಎಷ್ಟು ಜೋರು, ಎಷ್ಟು ಮೆಲ್ಲಗೆ

ಎರಡು ಸ್ಟಾಫ್‌ಗಳ ನಡುವಿನ ಖಾಲಿ ಜಾಗದಲ್ಲಿ ದಪ್ಪಗೆ, ಓರೆಯಾಗಿ ಅಚ್ಚಾದ ಇಂಗ್ಲಿಷ್ ಸಣ್ಣಕ್ಷರಗಳಿವೆ. ಇವು ಸ್ವರದ ಹೆಸರಲ್ಲ. ಎಫ್ ಅಕ್ಷರ ನೋಡಿ ಎಫ್ ಸ್ವರ ಹುಡುಕಿದವರನ್ನು ಕಂಡಿದ್ದೇನೆ, ಅದಕ್ಕೇ ಮೊದಲೇ ಹೇಳುತ್ತಿದ್ದೇನೆ. ಇವು ಇಟಾಲಿಯನ್ ಪದಗಳ ಮೊದಲಕ್ಷರ. ಎಫ್ ಎಂದರೆ ಫೋರ್ಟೆ, ಜೋರು. ಪಿ ಎಂದರೆ ಪಿಯಾನೋ, ಮೆಲ್ಲಗೆ. ಇವುಗಳ ಹಿಂದೆ ಎಂ ಸೇರಿದರೆ ಮೆಟ್ಸೊ, ಮಧ್ಯಮ. ಎಂಎಫ್ ಸಾಧಾರಣ ಜೋರು, ಎಂಪಿ ಸಾಧಾರಣ ಮೆಲ್ಲಗೆ. ಎರಡು ಪಿ ಇದ್ದರೆ ಇನ್ನೂ ಮೆಲ್ಲಗೆ, ಎರಡು ಎಫ್ ಇದ್ದರೆ ಇನ್ನೂ ಜೋರು.

ಒಂದು ಅಕ್ಷರ ಬಂದರೆ ಮುಂದಿನ ಅಕ್ಷರ ಬರುವವರೆಗೂ ಅದೇ ನಡೆಯುತ್ತದೆ. ನಡುವಿನ ಜಾಗದಲ್ಲಿ ಬರೆದದ್ದು ಎರಡು ಕೈಗೂ ಸೇರಿದ್ದು. ಇಷ್ಟೇ ಜೋರು ಎಂಬ ಅಳತೆ ಇಲ್ಲ, ಒಂದಕ್ಕೊಂದು ಹೋಲಿಸಿ ಅಷ್ಟೇ. ನನ್ನ ಮುಂದಿರುವ ಪುಟದಲ್ಲಿ ಮೊದಲ ಬಾರಿನಲ್ಲಿ ಎಂಎಫ್ ಇದೆ, ಒಂಬತ್ತನೇ ಬಾರಿನಲ್ಲಿ ಪಿ ಇದೆ. ಒಂಬತ್ತರಿಂದ ಹದಿನಾರು ಹೆಚ್ಚುಕಡಿಮೆ ಮೊದಲ ಎಂಟು ಬಾರುಗಳ ಪುನರಾವರ್ತನೆ. ಮೊದಲನೆಯದು ರಿ ಮೇಲೆ ಅರೆಗೆ ನಿಲ್ಲುತ್ತದೆ, ಎರಡನೆಯದು ಸ ಮೇಲೆ ಮುಗಿಯುತ್ತದೆ. ಒಂದೇ ಮಾತನ್ನು ಎರಡು ಸಲ ಹೇಳುವಾಗ ಎರಡನೇ ಸಲ ದನಿ ತಗ್ಗಿಸಿದಂತೆ ಆ ಪಿ ಕೆಲಸ ಮಾಡುತ್ತದೆ.

ಇಪ್ಪತ್ತೊಂದನೇ ಬಾರಿನ ಕೆಳಗೆ ಉದ್ದಕ್ಕೆ ಬಾಯಿ ತೆರೆಯುತ್ತಾ ಹೋಗುವ ಎರಡು ಗೀಟುಗಳಿವೆ, ಇದಕ್ಕೆ ಹೇರ್‌ಪಿನ್ ಎನ್ನುತ್ತಾರೆ. ಬಲಕ್ಕೆ ತೆರೆದುಕೊಂಡರೆ ಕ್ರೆಶೆಂಡೊ, ನಿಧಾನವಾಗಿ ಜೋರಾಗುವುದು. ಬಲಕ್ಕೆ ಮುಚ್ಚಿಕೊಂಡರೆ ಡಿಮಿನುಯೆಂಡೊ, ನಿಧಾನವಾಗಿ ತಗ್ಗುವುದು. ಇಲ್ಲಿ ಆರು ಸ್ವರಗಳು ಎ ಇಂದ ಎಫ್ ಶಾರ್ಪ್‌ವರೆಗೆ ಏರುತ್ತವೆ, ಜೊತೆಗೆ ದನಿಯೂ ಏರಬೇಕು. ಗೀಟು ಶುರುವಾದ ಕೂಡಲೇ ಜೋರು ಮಾಡಿಬಿಟ್ಟರೆ ಏರಲು ಏನೂ ಉಳಿಯದು. ಶುರುವಿನಲ್ಲಿ ಇದ್ದಷ್ಟೇ ಇರಲಿ, ತುದಿಗೆ ಹೋದಂತೆ ಹೆಚ್ಚಿಸಿ. ವೇಗ ಹೆಚ್ಚಿಸಬೇಡಿ, ಬಹಳ ಜನ ಎರಡನ್ನೂ ಒಟ್ಟಿಗೆ ಮಾಡುತ್ತಾರೆ. ಮುಚ್ಚುವ ಹೇರ್‌ಪಿನ್ ತೀರ ಗಿಡ್ಡವಾಗಿ, ಒಂದೇ ಸ್ವರದ ತಲೆಯ ಮೇಲೋ ಕೆಳಗೋ ಇದ್ದರೆ ಅದು ಹೇರ್‌ಪಿನ್ ಅಲ್ಲ, ಆ ಸ್ವರಕ್ಕೆ ಒತ್ತು ಕೊಡಿ ಎನ್ನುವ ಆ್ಯಕ್ಸೆಂಟ್.

ಗೆಳೆಯರ ಪುಸ್ತಕದಲ್ಲಿ ಬೇರೆ ಅಕ್ಷರಗಳು ಇದ್ದರೆ ಗಾಬರಿ ಬೇಡ. 1725ರ ಕೈಬರಹದಲ್ಲಿ ಈ ರಚನೆಗೆ ಡೈನಾಮಿಕ್ಸ್ ಗುರುತುಗಳೇ ಇಲ್ಲ. ಆಗ ಮನೆಗಳಲ್ಲಿದ್ದ ಹಾರ್ಪ್ಸಿಕಾರ್ಡ್ ವಾದ್ಯ ತಂತಿಯನ್ನು ಮೀಟುತ್ತಿತ್ತು. ಮನೆಯನ್ನು ಎಷ್ಟು ಜೋರಾಗಿ ಒತ್ತಿದರೂ ಸದ್ದು ಹೆಚ್ಚುಕಡಿಮೆ ಅಷ್ಟೇ. ಬೆರಳಿನ ಬಲಕ್ಕೆ ಓಗೊಟ್ಟು ತಂತಿಯನ್ನು ಸುತ್ತಿಗೆಯಿಂದ ಬಡಿಯುವ ವಾದ್ಯವನ್ನು ಫ್ಲಾರೆನ್ಸಿನಲ್ಲಿ ಬಾರ್ಟೊಲೊಮಿಯೊ ಕ್ರಿಸ್ಟೊಫೋರಿ ಸುಮಾರು 1700ರ ಹೊತ್ತಿಗೆ ಕಟ್ಟಿದ್ದ. ಮೆಲ್ಲಗೆ ಮತ್ತು ಜೋರಾಗಿ ಎರಡೂ ಬರುತ್ತದೆ ಎಂದೇ ಅದಕ್ಕೆ ಪಿಯಾನೋ ಫೋರ್ಟೆ ಎಂಬ ಹೆಸರು ಬಂತು. ಹಾಗಾಗಿ ನಿಮ್ಮ ಪುಟದ ಪಿ, ಎಫ್, ಹೇರ್‌ಪಿನ್‌ಗಳನ್ನು ಹಾಕಿದ್ದು ಪೆಟ್‌ಜೋಲ್ಡ್ ಅಲ್ಲ, ಆ ಪುಸ್ತಕದ ಸಂಪಾದಕರು. ಪರೀಕ್ಷೆಗೆ ನುಡಿಸುವಾಗ ಮಾತ್ರ ನಿಮ್ಮ ಪುಸ್ತಕದಲ್ಲಿ ಇರುವುದನ್ನೇ ಪಾಲಿಸಿ. ಮನೆಯಲ್ಲಿ ಬೇರೆ ಥರ ನುಡಿಸಿ ನೋಡುವುದರಲ್ಲಿ ತಪ್ಪಿಲ್ಲ. ಕೀ ಮತ್ತು ಟೈಮ್ ಸಿಗ್ನೇಚರಿನ ವಿಷಯದಲ್ಲಿ ಈ ಸ್ವಾತಂತ್ರ್ಯ ಇಲ್ಲ, ಅವು ರಚನೆಯದ್ದೇ ಭಾಗ.

ಎಷ್ಟು ಮೆಲ್ಲಗೆ ಒತ್ತಿದರೂ ಸದ್ದು ಒಂದೇ ಬರುತ್ತಿದೆ ಎಂದರೆ ನಿಮ್ಮ ಬೆರಳಿನ ತಪ್ಪಾಗಿರಲಿಕ್ಕಿಲ್ಲ. ಕಡಿಮೆ ಬೆಲೆಯ ಕೆಲವು ಕೀಬೋರ್ಡ್‌ಗಳಿಗೆ ಸ್ಪರ್ಶದ ಬಲ ತಿಳಿಯುವುದಿಲ್ಲ, ಇನ್ನು ಕೆಲವದರಲ್ಲಿ ಅದನ್ನು ಟಚ್ ರೆಸ್ಪಾನ್ಸ್ ಎಂಬ ಹೆಸರಿನಲ್ಲಿ ಸೆಟ್ಟಿಂಗ್ಸ್‌ನಲ್ಲಿ ಆನ್ ಮಾಡಬೇಕು. ಹಾರ್ಮೋನಿಯಂನಲ್ಲಿ ದನಿ ಏರಿಳಿಯುವುದು ತಿದಿಯಿಂದ, ಬೆರಳಿನಿಂದಲ್ಲ.

6. ಈಗ ನುಡಿಸಿ, ಆದರೆ ಈ ಕ್ರಮದಲ್ಲಿ

ಮೊದಲು ವಾದ್ಯ ಮುಟ್ಟದೆ ತಾಳ ಹಾಕುತ್ತಾ ಬಲಗೈಯ ಎಂಟು ಬಾರುಗಳ ಲಯವನ್ನು ಬರೀ ಬಾಯಲ್ಲಿ ಹೇಳಿ. ಆಮೇಲೆ ಸ್ವರಗಳನ್ನು ಹಾಡಿ. ಮೊದಲ ನಾಲ್ಕು ಬಾರು ಮೇಲೆ ಬರೆದಿದ್ದೇನೆ, ಉಳಿದ ನಾಲ್ಕು ಹೀಗಿವೆ:

ಮ ಪಮಗರಿ | ಗ ಮಗರಿಸ | ನಿ ಸರಿಗಸ | ರಿ

ಆ ನಿ ಮಂದ್ರದ್ದು, ನೀವು ಆಗ ಪೆನ್ಸಿಲಿನಲ್ಲಿ ಸುತ್ತು ಹಾಕಿದ ಏಳನೇ ಬಾರಿನ ಎಫ್. ಕೊನೆಯ ರಿ ಮೂರು ಎಣಿಕೆ. ಇದಾದ ಮೇಲೆ ಬಲಗೈ ಮಾತ್ರ, ಆಮೇಲೆ ಎಡಗೈ ಮಾತ್ರ, ಕೊನೆಗೆ ಎರಡೂ ಕೈ. ಪಿ ಮತ್ತು ಎಫ್‌ಗಳನ್ನು ಸೇರಿಸುವುದು ಎರಡು ಕೈ ಕೂಡಿದ ಮೇಲೆ.

ಹದಿನೇಳನೇ ಬಾರಿನ ಮೊದಲ ಸ್ವರದಲ್ಲಿ ಸ್ವಲ್ಪ ನಿಲ್ಲಿ. ಅದು ಸ್ಟಾಫಿಗಿಂತ ಮೇಲೆ ಹೋಗಿದೆ, ಅದಕ್ಕಾಗಿ ಒಂದು ಪುಟ್ಟ ಹೆಚ್ಚುವರಿ ಗೆರೆ ಎಳೆದಿದ್ದಾರೆ. ಆ ಪುಟ್ಟ ಗೆರೆಯ ಮೇಲೆ ಇರುವುದು ಎ. ಗೆರೆಯ ನೆತ್ತಿಗೆ ತಾಗಿ ಕೂತಿರುವುದು ಬಿ. ಇಲ್ಲಿರುವುದು ಬಿ. ಈ ಪುಟ್ಟ ಗೆರೆ ಫೋಟೋದಲ್ಲಿ ಮಾಯವಾಗಿ ಜಿ ಎಂದೋ ಎ ಎಂದೋ ಓದುವುದುಂಟು. ಪಕ್ಕದ ಸ್ವರಗಳು ಜಿ, ಎ, ಬಿ, ಜಿ. ಇವುಗಳಲ್ಲಿ ಮೂರನೆಯದು ಮೊದಲ ಸ್ವರದಷ್ಟೇ ಎತ್ತರದಲ್ಲಿ ಇದೆಯೇ ಎಂದು ಸ್ಕೇಲ್ ಇಟ್ಟು ನೋಡಿ. ಇದ್ದರೆ ನೀವು ಓದಿದ್ದು ಸರಿ.